ಒಂದು ಗೇಣು ಬಾಕಿ: ಕ್ರಿಕೆಟ್ ಚಿತ್ರಗಳ ಆಲ್ಟ್ ಪಠ್ಯವನ್ನು ರಿಪೇರಿ ಮಾಡಿದ ದಾಖಲೆ

ಕ್ಲಬ್ ಮಟ್ಟದ ಇಪ್ಪತ್ತು ಓವರುಗಳ ಪಂದ್ಯವೊಂದರ ವರದಿಯನ್ನು ನಾನು ಒಂಬತ್ತು ಚಿತ್ರಗಳೊಂದಿಗೆ ಪ್ರಕಟಿಸಿದ್ದೆ. ಹುಟ್ಟಿನಿಂದಲೇ ದೃಷ್ಟಿಯಿಲ್ಲದ, ರೇಡಿಯೊ ವೀಕ್ಷಕ ವಿವರಣೆ ಕೇಳುತ್ತಲೇ ಕ್ರಿಕೆಟ್ ಕಲಿತ ಹಿರಿಯ ಓದುಗರೊಬ್ಬರು ಅದನ್ನು ಓದಿ ಕರೆ ಮಾಡಿದರು. “ವರದಿ ಚೆನ್ನಾಗಿದೆ. ಆದರೆ ನಿಮ್ಮ ಒಂಬತ್ತು ಚಿತ್ರಗಳಲ್ಲಿ ಆರು ಚಿತ್ರಗಳು ನನಗೆ ಒಂದೇ ಥರ ಕೇಳಿಸಿದವು, ಮೂರಕ್ಕೆ ಬರೀ ಕಡತದ ಹೆಸರು ಬಂತು,” ಎಂದರು. ಮುಂದಿನ ಕೆಲವು ದಿನ ಆ ಚಿತ್ರಗಳ ಆಲ್ಟ್ ಪಠ್ಯವನ್ನೂ, ಅಂದರೆ ಚಿತ್ರ ಕಾಣದವರಿಗೆ ಅದರ ಬದಲು ಓದಿ ಹೇಳಲೆಂದು ಪುಟದಲ್ಲಿ ಇಡುವ ವಿವರಣೆಯನ್ನೂ, ಅಡಿಬರಹಗಳನ್ನೂ ಹೊಸದಾಗಿ ಬರೆದೆ. ಹೆಚ್ಚಿನ ಸಮಯ ಒಂದೇ ಒಂದು ರನೌಟ್ ಚಿತ್ರಕ್ಕೆ ಹೋಯಿತು, ಮತ್ತು ಉಳಿದವುಗಳಿಗೆ ಬೇಕಾದದ್ದನ್ನೆಲ್ಲ ನಾನು ಅದರಿಂದಲೇ ಕಲಿತೆ. ಆದ್ದರಿಂದ ಈ ದಾಖಲೆಯೂ ಬಹುಪಾಲು ಅದರದ್ದೇ. ಆಟಗಾರರ ಹೆಸರುಗಳನ್ನು ಇಲ್ಲಿ ಬಿಟ್ಟು ಅವರ ಪಾತ್ರಗಳನ್ನಷ್ಟೇ ಉಳಿಸಿಕೊಂಡಿದ್ದೇನೆ.

ಮೊದಲು ಇದ್ದ ಸ್ಥಿತಿ

ಪುಟದಲ್ಲಿ ಆ ಚಿತ್ರ ಹೀಗಿತ್ತು:

```
<html lang="en">
...
<img src="IMG_4817.jpg" alt="ರನೌಟ್ ಆದ ರೋಚಕ ಕ್ಷಣ">
<p>ರನೌಟ್ ಆದ ರೋಚಕ ಕ್ಷಣ</p>
```

ತೆರೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರನ್ನು ಹಾಕಿಕೊಂಡು, ಒಂದು ಚಿತ್ರದಿಂದ ಇನ್ನೊಂದಕ್ಕೆ ಜಿಗಿಯುವ `G` ಕೀಲಿಯನ್ನು ಒತ್ತುತ್ತಾ ಪುಟವನ್ನು ಕೇಳಿದೆ. ಅದರಲ್ಲಿರುವ `Speech Viewer` ಎಂಬ ಕಿಟಕಿಯು ಮಾತನಾಡಿದ್ದನ್ನೆಲ್ಲ ಅಕ್ಷರದಲ್ಲಿ ತೋರಿಸುವುದರಿಂದ, ಕೇಳಿದ್ದು ಸರಿಯೇ ತಪ್ಪೇ ಎಂದು ತಾಳೆ ನೋಡಲು ಅನುಕೂಲವಾಯಿತು. ಎರಡು ತಪ್ಪುಗಳು ತಕ್ಷಣ ಗೊತ್ತಾದವು. ಮೊದಲನೆಯದು, ಪುಟದ ಭಾಷೆ ಇಂಗ್ಲಿಷ್ ಎಂದು ಘೋಷಿತವಾಗಿತ್ತು. ಇದರಿಂದ ಇಂಗ್ಲಿಷ್ ದನಿ ಕನ್ನಡ ಪಠ್ಯವನ್ನು ಓದಲು ಹೋಗಿ ಎಡವುತ್ತಿತ್ತು. `lang="kn"` ಎಂದು ಬದಲಾಯಿಸಿದ ಮೇಲೆ ಕನ್ನಡದ ದನಿಯೇ ಓದತೊಡಗಿತು. ಎರಡನೆಯದು, ಆಲ್ಟ್ ಪಠ್ಯವೂ ಅಡಿಬರಹವೂ ಒಂದೇ ಆಗಿದ್ದುದರಿಂದ “ರನೌಟ್ ಆದ ರೋಚಕ ಕ್ಷಣ” ಎಂಬ ಮಾತು ಎರಡೆರಡು ಸಲ ಕೇಳಿಸುತ್ತಿತ್ತು, ಮತ್ತು ಎರಡೂ ಸಲ ಏನನ್ನೂ ಹೇಳುತ್ತಿರಲಿಲ್ಲ. ರೋಚಕ ಎಂಬುದು ಚಿತ್ರವನ್ನು ನೋಡಿದವನ ತೀರ್ಮಾನ. ಕೇಳುವವರಿಗೆ ಬೇಕಾದದ್ದು ಆ ತೀರ್ಮಾನಕ್ಕೆ ಕಾರಣವಾದ ಸಂಗತಿ.

ಕಡತದ ಹೆಸರು ಕೇಳಿಸಿದ ಮೂರು ಚಿತ್ರಗಳು ಕೊಂಡಿಗಳ ಒಳಗಿದ್ದವು ಮತ್ತು ಅವುಗಳಿಗೆ `alt` ಗುಣವೇ ಇರಲಿಲ್ಲ. ಗುಣ ಇಲ್ಲದಿರುವುದು ಬೇರೆ, `alt=""` ಎಂದು ಖಾಲಿ ಬಿಡುವುದು ಬೇರೆ. ಖಾಲಿ ಬಿಟ್ಟರೆ ಇದು ಅಲಂಕಾರಕ್ಕೆ ಇಟ್ಟ ಚಿತ್ರ, ದಾಟಿಕೊಂಡು ಹೋಗು ಎಂದು ಹೇಳಿದಂತೆ; ಗುಣವೇ ಇಲ್ಲದಿದ್ದರೆ ಸ್ಕ್ರೀನ್ ರೀಡರ್ ಊಹೆಗೆ ಇಳಿದು ಕಡತದ ಹೆಸರನ್ನೋ ವಿಳಾಸವನ್ನೋ ಓದಿಬಿಡುತ್ತದೆ.

ಮೊದಲ ಕರಡು, ಮತ್ತು ಅದು ಸೋತ ಬಗೆ

ಚಿತ್ರದಲ್ಲಿ ಕಾಣುತ್ತಿದ್ದುದು ಇಷ್ಟು. ಬ್ಯಾಟರ್ ಎರಡನೇ ರನ್ನಿಗಾಗಿ ಕೀಪರ್ ತುದಿಗೆ ಮರಳುತ್ತಾ ಮೈಚಾಚಿ ಹಾರಿದ್ದಾರೆ. ಎದೆ ನೆಲಕ್ಕೆ ತಾಗಿದೆ, ಧೂಳು ಎದ್ದಿದೆ, ಬಲಗೈಯಲ್ಲಿರುವ ಬ್ಯಾಟಿನ ತುದಿ ನೆಲವನ್ನು ಮುಟ್ಟಿದೆ. ಸ್ಟಂಪ್‌ಗಳ ಹಿಂದೆ ಕೀಪರ್ ಬಾಗಿದ್ದಾರೆ, ಅವರ ಬಲಗೈ ಗ್ಲೌಸ್‌ನಲ್ಲಿ ಚೆಂಡಿದೆ, ಅದೇ ಕೈ ಸ್ಟಂಪ್‌ಗೆ ಬಡಿದಿದೆ, ಒಂದು ಬೇಲ್ ಮೇಲೆ ಚಿಮ್ಮಿದೆ. ಹಿನ್ನೆಲೆಯಲ್ಲಿ ಇಬ್ಬರು ಫೀಲ್ಡರುಗಳು ಕೈ ಎತ್ತಿದ್ದಾರೆ. ನಾನು ಬರೆದ ಮೊದಲ ಕರಡು ಹೀಗಿತ್ತು:

“ನೀಲಿ ಸಮವಸ್ತ್ರ ಧರಿಸಿ ಹೆಲ್ಮೆಟ್ ತೊಟ್ಟ ಬ್ಯಾಟರ್ ಧೂಳೆಬ್ಬಿಸುತ್ತಾ ಬಲಗೈಯಲ್ಲಿ ಬ್ಯಾಟನ್ನು ಮುಂದಕ್ಕೆ ಚಾಚಿ, ಗೆರೆಗಿಂತ ಒಂದು ಗೇಣು ಹಿಂದೆ ನೆಲಕ್ಕೆ ಬಿದ್ದಿರುವಾಗ, ಎಡಗಡೆಯಲ್ಲಿ ಹಳದಿ ಸಮವಸ್ತ್ರದ ವಿಕೆಟ್ ಕೀಪರ್ ಬೇಲ್ ಹಾರಿಸುತ್ತಿರುವ ದೃಶ್ಯ.”

ಬರೆದಾಗ ನನಗೆ ಬಹಳ ಸಮಾಧಾನವಾಗಿತ್ತು. ಆ ಓದುಗರ ಮನೆಗೆ ಹೋಗಿ, ಅವರ ಕಂಪ್ಯೂಟರಿನಲ್ಲೇ ಅವರು ಒಗ್ಗಿಕೊಂಡ ವೇಗದಲ್ಲಿ ಅದನ್ನು ಕೇಳಿಸಿದೆ. ಅರ್ಥವಾಯಿತೇ ಎಂದು ಕೇಳಿದರೆ ಎಲ್ಲರೂ ಸೌಜನ್ಯಕ್ಕೆ ಹೌದು ಎನ್ನುತ್ತಾರೆ ಎಂಬುದು ನನಗೆ ಗೊತ್ತಿತ್ತು. ಆದ್ದರಿಂದ ಕೇಳುವ ಬದಲು ಮೇಜಿನ ಮೇಲೆ ಅದನ್ನು ಜೋಡಿಸಿ ತೋರಿಸಿ ಎಂದು ವಿನಂತಿಸಿದೆ. ಉದ್ದದ ಪೆನ್ಸಿಲ್ ಕ್ರೀಸ್ ಗೆರೆ, ನಿಲ್ಲಿಸಿಟ್ಟ ಔಷಧದ ಸೀಸೆ ಸ್ಟಂಪ್, ಬೀಗದ ಕೈ ಬ್ಯಾಟ್, ಒಂದು ಗುಂಡಿ ಚೆಂಡು. ಅವರು ಸೀಸೆಯನ್ನಿಟ್ಟು, ಅದರ ಮುಂದೆ ಪೆನ್ಸಿಲನ್ನು ಅಡ್ಡಲಾಗಿಟ್ಟು, ಬೀಗದ ಕೈಯನ್ನು ಕೈಗೆತ್ತಿಕೊಂಡು ಪೆನ್ಸಿಲಿಗೂ ಸೀಸೆಗೂ ನಡುವೆ ಇಟ್ಟರು. ಗುಂಡಿ ಅವರ ಬೆರಳುಗಳಲ್ಲೇ ಉಳಿಯಿತು.

“ಬ್ಯಾಟ್ ಒಳಗೆ ಬಂದಾಗಿದೆ, ಔಟ್ ಇಲ್ಲ. ಆದರೆ ಚೆಂಡೆಲ್ಲಿ?” ಎಂದರು.

ಮೇಜಿನ ಮೇಲಿನ ಆ ಬೀಗದ ಕೈ ನನ್ನ ಕರಡಿನ ಇಡೀ ದೋಷವನ್ನು ತೋರಿಸುತ್ತಿತ್ತು. ಓಡುವವನ ಕಡೆಯಿಂದ ನೋಡಿದರೆ ‘ಗೆರೆಗಿಂತ ಹಿಂದೆ’ ಎಂದರೆ ಗೆರೆಯನ್ನು ಇನ್ನೂ ತಲುಪಿಲ್ಲ ಎಂದರ್ಥ. ಓಟದ ಸ್ಪರ್ಧೆಯ ಬಗ್ಗೆ ಬರೆಯುವಾಗ ನಾವೆಲ್ಲ ಹಾಗೇ ಬರೆಯುತ್ತೇವೆ. ಕ್ರಿಕೆಟ್ಟಿನಲ್ಲಿ ‘ಕ್ರೀಸಿನ ಹಿಂದೆ’ ಎಂದರೆ ಸ್ಟಂಪ್‌ಗಳ ಕಡೆ, ಅಂದರೆ ಬ್ಯಾಟರ್ ಸುರಕ್ಷಿತನಾಗಿರುವ ಜಾಗ. ಕಣ್ಣಿರುವವರಿಗೆ ಚಿತ್ರವೇ ಈ ಗೊಂದಲವನ್ನು ಬಿಡಿಸಿಬಿಡುತ್ತದೆ, ಹೀಗಾಗಿ ಬರೆಯುವಾಗ ನನಗೆ ಅನುಮಾನವೇ ಬರಲಿಲ್ಲ. ಕ್ರಿಕೆಟ್ ಬಲ್ಲ ಕೇಳುಗರು ಆಟದ ಅರ್ಥವನ್ನೇ ಹಿಡಿದರು. ನನ್ನ ಒಂದೇ ಒಂದು ಪದ ಔಟಾದವರನ್ನು ಉಳಿಸಿಬಿಟ್ಟಿತ್ತು. ಅಂದಿನಿಂದ ಗೆರೆಯ ವಿಷಯದಲ್ಲಿ ‘ಹಿಂದೆ’, ‘ಮುಂದೆ’ ಎಂಬ ಪದಗಳನ್ನು ನಾನು ಬಳಸುವುದಿಲ್ಲ. ‘ಗೆರೆ ತಲುಪಲು ಇನ್ನೂ ಇಷ್ಟು ಬಾಕಿ’, ‘ಗೆರೆಯನ್ನು ಪೂರ್ತಿ ದಾಟಿದೆ’, ‘ಗೆರೆಯ ಮೇಲೇ ಇದೆ’ ಎಂಬ ಮೂರು ಮಾತುಗಳು ಎಲ್ಲ ಸಂದರ್ಭಕ್ಕೂ ಸಾಕಾಗುತ್ತವೆ. ಮೂರನೆಯದನ್ನು ಪ್ರತ್ಯೇಕವಾಗಿ ಹೇಳಲೇಬೇಕು: ನಿಯಮದ ಪ್ರಕಾರ ಪಾಪಿಂಗ್ ಕ್ರೀಸ್ ಎಂದರೆ ಬಿಳಿ ಪಟ್ಟೆಯ ಸ್ಟಂಪ್ ಕಡೆಯ ಅಂಚು, ಮತ್ತು ಬ್ಯಾಟೋ ದೇಹದ ಭಾಗವೋ ಆ ಅಂಚನ್ನು ದಾಟಿ ಸ್ಟಂಪ್ ಕಡೆ ನೆಲ ಮುಟ್ಟಿರಬೇಕು, ಬಣ್ಣದ ಮೇಲಷ್ಟೇ ಇದ್ದರೆ ಔಟ್.

ಚೆಂಡನ್ನು ಬಿಟ್ಟದ್ದು ಇನ್ನೂ ದೊಡ್ಡ ತಪ್ಪು. ಕೀಪರ್ ಬೇಲ್ ಹಾರಿಸಿದರು ಎಂದಷ್ಟೇ ಹೇಳಿದರೆ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ಸ್ಟಂಪ್ ಮುಟ್ಟಿದ ಕೈಯಲ್ಲಿ ಚೆಂಡಿರಬೇಕು. ಬೇಲ್ ಕೂಡ ಅಲುಗಿದರೆ ಸಾಲದು, ಸ್ಟಂಪ್‌ಗಳ ನೆತ್ತಿಯಿಂದ ಪೂರ್ತಿಯಾಗಿ ಬಿಟ್ಟಿರಬೇಕು. ಮೂರನೇ ಅಂಪೈರ್ ಚಿತ್ರವನ್ನು ನಿಲ್ಲಿಸಿ ನೋಡುವುದು ಇವನ್ನೇ: ಚೆಂಡು ಎಲ್ಲಿದೆ, ಬೇಲ್ ಬಿಟ್ಟಿದೆಯೇ, ಬ್ಯಾಟ್ ನೆಲ ಮುಟ್ಟಿದೆಯೇ, ಮುಟ್ಟಿದ್ದರೆ ಗೆರೆಯ ಯಾವ ಕಡೆ. ಸಮವಸ್ತ್ರದ ಬಣ್ಣಕ್ಕೂ ಹೆಲ್ಮೆಟ್ಟಿಗೂ ಜಾಗ ಕೊಟ್ಟ ನಾನು ಈ ನಾಲ್ಕರಲ್ಲಿ ಎರಡನ್ನು ಬಿಟ್ಟಿದ್ದೆ, ಒಂದನ್ನು ತಪ್ಪಾಗಿ ಹೇಳಿದ್ದೆ. ರನೌಟ್ ಚಿತ್ರದ ಆಲ್ಟ್ ಪಠ್ಯಕ್ಕೆ ಅಂಪೈರಿನ ಈ ಕ್ರಮವೇ ಸರಿಯಾದ ಕ್ರಮ ಎಂಬುದು ನನ್ನ ನಿಲುವು.

‘ಎಡಗಡೆಯಲ್ಲಿ’ ಎಂಬುದನ್ನೂ ತೆಗೆದೆ. ಅದು ಚಿತ್ರದ ಎಡವೋ ಬ್ಯಾಟರ್‌ನ ಎಡವೋ ಎಂದು ಅವರು ಕೇಳಿದಾಗ, ಅದು ಛಾಯಾಗ್ರಾಹಕರು ನಿಂತ ಜಾಗವನ್ನು ಹೇಳುತ್ತದೆಯೇ ಹೊರತು ಆಟವನ್ನಲ್ಲ ಎಂಬುದು ಹೊಳೆಯಿತು. ಕ್ರಿಕೆಟ್ಟಿಗೆ ತನ್ನದೇ ದಿಕ್ಕುಗಳಿವೆ: ಕೀಪರ್ ತುದಿ, ಬೌಲರ್ ತುದಿ, ಆಫ್, ಲೆಗ್. ರೇಡಿಯೊ ಕೇಳಿ ಬೆಳೆದವರ ಮನಸ್ಸಿನಲ್ಲಿರುವ ಮೈದಾನ ಇವುಗಳಿಂದಲೇ ಆಗಿದೆ.

ಗೇಣನ್ನು ಅಳೆದದ್ದು

‘ಒಂದು ಗೇಣು’ ಎಂದು ಮೊದಲು ಕಣ್ಣಂದಾಜಿನಲ್ಲಿ ಬರೆದಿದ್ದೆ. ಇಂಥ ಚಿತ್ರದಲ್ಲಿ ತೀರ್ಪು ನಿಲ್ಲುವುದೇ ಆ ಅಂತರದ ಮೇಲೆ, ಹೀಗಾಗಿ ಅದನ್ನು ಅಳೆಯಬೇಕೆನಿಸಿತು. ಸ್ಟಂಪಿನ ಎತ್ತರ ನೆಲದಿಂದ 71.12 ಸೆಂ.ಮೀ. ಎಂದು ನಿಯಮವೇ ಹೇಳುವುದರಿಂದ, ಚಿತ್ರದೊಳಗೇ ಒಂದು ಅಳತೆಕೋಲು ಸಿಕ್ಕಂತಾಯಿತು. ನನ್ನ ಚಿತ್ರದಲ್ಲಿ ಸ್ಟಂಪ್ 320 ಪಿಕ್ಸೆಲ್ ಎತ್ತರವಿತ್ತು, ಬ್ಯಾಟಿನ ತುದಿಗೂ ಗೆರೆಗೂ ನಡುವಿನ ಅಂತರ 95 ಪಿಕ್ಸೆಲ್. ಲೆಕ್ಕ ಹಾಕಿದರೆ ಸುಮಾರು 21 ಸೆಂ.ಮೀ. ಆಗುತ್ತದೆ, ಗೇಣು ಎಂದರೆ ತಪ್ಪಿಲ್ಲ. ಸೆಂಟಿಮೀಟರನ್ನು ಬರೆಯಲಿಲ್ಲ. ಅಷ್ಟು ನಿಖರತೆ ಈ ವಿಧಾನಕ್ಕಿಲ್ಲ, ಮತ್ತು ಗೇಣನ್ನು ಕೇಳಿದ ಕೂಡಲೇ ಅವರ ಕೈ ತಾನಾಗಿ ಮೇಜಿನ ಮೇಲೆ ಅಗಲಿಸಿಕೊಂಡದ್ದನ್ನು ನಾನು ನೋಡಿದ್ದೆ.

ಈ ಅಳತೆ ಯಾವ ಚಿತ್ರಕ್ಕೆ ಹೊಂದುತ್ತದೆ, ಯಾವುದಕ್ಕೆ ಹೊಂದುವುದಿಲ್ಲ ಎಂಬುದನ್ನು ತಿಳಿಯಲು ಸುಲಭವಾದ ಒಂದು ಗುರುತಿದೆ. ಕ್ಯಾಮೆರಾ ಪಿಚ್ಚಿನ ಪಕ್ಕದಲ್ಲಿ, ಗೆರೆಯ ನೇರಕ್ಕೆ ಇದ್ದರೆ ಮೂರು ಸ್ಟಂಪ್‌ಗಳು ಒಂದರ ಮರೆಯಲ್ಲೊಂದು ಸೇರಿ ಹೆಚ್ಚುಕಡಿಮೆ ಒಂದೇ ಕಂಬದಂತೆ ಕಾಣುತ್ತವೆ. ಅಂಥ ಚಿತ್ರದಲ್ಲಿ ಪಿಚ್ಚಿನುದ್ದದ ಅಂತರ ತನ್ನ ನಿಜವಾದ ಪ್ರಮಾಣದಲ್ಲೇ ಇರುತ್ತದೆ. ಮೂರು ಸ್ಟಂಪ್‌ಗಳು ಬಿಡಿಬಿಡಿಯಾಗಿ, ಅಗಲವಾಗಿ ಕಂಡರೆ ಕ್ಯಾಮೆರಾ ಪಿಚ್ಚಿನ ಉದ್ದಕ್ಕೆ ನೋಡುತ್ತಿದೆ ಎಂದರ್ಥ. ಆಗ ಬ್ಯಾಟಿನಿಂದ ಗೆರೆಗಿರುವ ದೂರ ಕುಗ್ಗಿಹೋಗಿ, ಒಂದು ಮಾರು ದೂರವೂ ಒಂದು ಬೆರಳಿನಷ್ಟು ಕಾಣಬಹುದು. ಎರಡನೇ ಬಗೆಯ ಚಿತ್ರದಲ್ಲಿ ನಾನು ಅಂತರದ ಅಳತೆಯನ್ನು ಹೇಳುವುದೇ ಇಲ್ಲ, ಗೆರೆ ಮುಟ್ಟಿದೆಯೋ ಇಲ್ಲವೋ ಎಂಬುದು ಸ್ಪಷ್ಟವಾಗಿ ಕಂಡರೆ ಅಷ್ಟನ್ನು ಮಾತ್ರ ಬರೆಯುತ್ತೇನೆ.

ವಾಕ್ಯವನ್ನು ಒಡೆದದ್ದು

ಮೊದಲ ಕರಡಿನ ಇನ್ನೊಂದು ತೊಂದರೆ ನಮ್ಮ ಭಾಷೆಯ ಸ್ವಭಾವಕ್ಕೆ ಸೇರಿದ್ದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಮತ್ತು ಧರಿಸಿ, ಚಾಚಿ, ಬಿದ್ದಿರುವಾಗ ಎಂದು ಕೊಂಡಿ ಹಾಕುತ್ತಾ ಒಂದೇ ವಾಕ್ಯದಲ್ಲಿ ಇಡೀ ಘಟನೆಯನ್ನು ಹೇಳಿಬಿಡಬಹುದು. ಕಣ್ಣಿನಲ್ಲಿ ಓದುವವರು ಅಂಥ ವಾಕ್ಯದ ಮೇಲೆ ಹಿಂದೆಮುಂದೆ ಓಡಾಡುತ್ತಾರೆ. ಕಿವಿಯಲ್ಲಿ ಕೇಳುವವರು ಬೇಲ್ ಹಾರಿತೆಂದು ತಿಳಿಯುವ ಹೊತ್ತಿಗೆ ಹದಿನೈದಿಪ್ಪತ್ತು ಪದಗಳನ್ನು ಹೊತ್ತು ನಿಂತಿರುತ್ತಾರೆ. ಆಲ್ಟ್ ಪಠ್ಯದೊಳಗೆ ಪ್ಯಾರಾ, ಶೀರ್ಷಿಕೆ, ಪಟ್ಟಿ ಯಾವುದೂ ಇರಲಾರದು. ಅದು ಒಂದೇ ಎಳೆಯ ಸಾದಾ ಮಾತು. ಆದ್ದರಿಂದ ಒಂದು ಸಂಗತಿಗೆ ಒಂದು ಪುಟ್ಟ ವಾಕ್ಯವೆಂದು ಒಡೆದೆ. ಕೊನೆಯಲ್ಲಿದ್ದ ‘ದೃಶ್ಯ’ ಎಂಬ ಪದವನ್ನೂ ತೆಗೆದೆ, ಚಿತ್ರ ಎಂದು ಸ್ಕ್ರೀನ್ ರೀಡರ್ ಮೊದಲೇ ಹೇಳಿರುತ್ತದೆ.

ಕ್ರಿಯಾಪದದ ಕಾಲದ ಬಗ್ಗೆಯೂ ಯೋಚಿಸಬೇಕಾಯಿತು. ‘ಹಾರಿಸುತ್ತಿರುವ’ ಎಂದರೆ ಬೇಲ್ ಬಿಟ್ಟಿದೆಯೋ ಇಲ್ಲವೋ ಎಂಬುದು ತೇಲಿಹೋಗುತ್ತದೆ. ‘ಬಡಿದಿದ್ದಾರೆ’, ‘ಗಾಳಿಯಲ್ಲಿದೆ’, ‘ಮುಟ್ಟಿದೆ’ ಎಂದು ಬರೆದಾಗ, ಯಾವುದು ಆಗಿಹೋಗಿದೆ, ಯಾವುದು ಇನ್ನೂ ಆಗಿಲ್ಲ ಎಂಬುದು ಕ್ರಿಯಾಪದದಿಂದಲೇ ತಿಳಿಯುತ್ತದೆ.

ಅಡಿಬರಹಕ್ಕೆ ಉಳಿದದ್ದು

ಅಡಿಬರಹ ಎಲ್ಲರಿಗೂ ಕಾಣುವಂಥದ್ದು, ಹೀಗಾಗಿ ಚಿತ್ರವನ್ನು ನೋಡಿ ತಿಳಿಯಲಾಗದ ಸಂಗತಿಗಳು ಅಲ್ಲಿಗೆ ಹೋದವು: ಯಾರು, ಯಾವ ಎಸೆತ, ಚೆಂಡು ಎಲ್ಲಿಂದ ಬಂತು, ಇದರಿಂದ ಪಂದ್ಯಕ್ಕೇನಾಯಿತು. ಕಾಣುವುದು ಆಲ್ಟ್ ಪಠ್ಯಕ್ಕೆ, ತಿಳಿದದ್ದು ಅಡಿಬರಹಕ್ಕೆ ಎಂದು ಹಂಚಿದ ಮೇಲೆ ಎರಡೂ ಒಂದನ್ನೊಂದು ಪುನರುಚ್ಚರಿಸುವುದು ನಿಂತಿತು.

ಕೇಳಿಸಿಕೊಂಡಾಗ ಇಲ್ಲೂ ತಿದ್ದುಪಡಿಗಳು ಬೇಕಾದವು. ‘18.4’ ಎಂದು ಬರೆದದ್ದು ದಶಮಾಂಶ ಸಂಖ್ಯೆಯಂತೆ ಕೇಳಿಸಿತು, ‘143/6’ ಎಂಬುದರಲ್ಲಿ ಓರೆಗೆರೆ ಅಡ್ಡ ಬಂತು. ‘19ನೇ ಓವರಿನ ನಾಲ್ಕನೇ ಎಸೆತ’, ‘6 ವಿಕೆಟ್‌ಗೆ 143’ ಎಂದು ಬಿಡಿಸಿ ಬರೆದೆ. ಇನ್ನೊಂದು ಚಿತ್ರದಲ್ಲಿ ಆಲ್ಟ್ ಪಠ್ಯ ಅರ್ಧಕ್ಕೇ ನಿಂತುಹೋಗುತ್ತಿತ್ತು. ಹುಡುಕಿದರೆ, ಪಠ್ಯದೊಳಗೆ ನಾನು ನೇರವಾದ ಜೋಡಿ ಉದ್ಧರಣ ಚಿಹ್ನೆಯನ್ನು ಬಳಸಿದ್ದೆ, ಬ್ರೌಸರ್ ಅದನ್ನೇ ಗುಣದ ಕೊನೆ ಎಂದು ತಿಳಿದಿತ್ತು. ತೆರೆಯ ಮೇಲೆ ಚಿತ್ರ ಸರಿಯಾಗಿಯೇ ಕಾಣುವುದರಿಂದ ಈ ದೋಷ ಕಿವಿಗೆ ಮಾತ್ರ ಸಿಗುವಂಥದ್ದು.

ಕೊನೆಗೆ ನಿಂತ ರೂಪ ಇದು:

```
<figure>
  <img src="IMG_4817.jpg"
   alt="ಕೀಪರ್ ತುದಿಯಲ್ಲಿ ರನೌಟ್. ಚೆಂಡು ಹಿಡಿದ
   ಗ್ಲೌಸ್‌ನಿಂದಲೇ ಕೀಪರ್ ಸ್ಟಂಪ್‌ಗೆ ಬಡಿದಿದ್ದಾರೆ.
   ಒಂದು ಬೇಲ್ ಪೂರ್ತಿ ಬಿಟ್ಟು ಗಾಳಿಯಲ್ಲಿದೆ.
   ಬ್ಯಾಟರ್ ಮೈಚಾಚಿ ಹಾರಿ ಎದೆಯ ಮೇಲೆ ಬಿದ್ದಿದ್ದಾರೆ.
   ಬ್ಯಾಟಿನ ತುದಿ ನೆಲ ಮುಟ್ಟಿದೆ, ಆದರೆ ಕ್ರೀಸ್ ಗೆರೆ
   ತಲುಪಲು ಇನ್ನೂ ಒಂದು ಗೇಣು ಬಾಕಿ.">
  <figcaption>19ನೇ ಓವರಿನ ನಾಲ್ಕನೇ ಎಸೆತ. ಡೀಪ್
  ಮಿಡ್‌ವಿಕೆಟ್‌ನಿಂದ ಬಂದ ಎಸೆತಕ್ಕೆ ಎರಡನೇ ರನ್
  ಪೂರ್ಣವಾಗಲಿಲ್ಲ. 6 ವಿಕೆಟ್‌ಗೆ 143; ಗೆಲ್ಲಲು
  8 ಎಸೆತಗಳಲ್ಲಿ 8 ರನ್ ಬೇಕು.</figcaption>
</figure>
```

`figure` ಒಳಗೆ ಇಟ್ಟಿದ್ದರಿಂದ ಈ ಅಡಿಬರಹ ಈ ಚಿತ್ರದ್ದೇ ಎಂಬ ಸಂಬಂಧ ಸ್ಕ್ರೀನ್ ರೀಡರಿಗೆ ಗೊತ್ತಾಗುತ್ತದೆ. ಎರಡರಲ್ಲಿ ಯಾವುದು ಮೊದಲು ಕೇಳಿಸುತ್ತದೆ ಎಂಬುದು ಬ್ರೌಸರ್ ಮತ್ತು ಸ್ಕ್ರೀನ್ ರೀಡರಿನ ಜೋಡಿಯನ್ನು ಅವಲಂಬಿಸಿರುವುದರಿಂದ, ಒಂದು ಇನ್ನೊಂದರ ಮುಂದುವರಿಕೆಯಾಗದಂತೆ, ಯಾವುದು ಮೊದಲು ಬಂದರೂ ಅರ್ಥವಾಗುವಂತೆ ಬರೆದಿದ್ದೇನೆ. `G` ಒತ್ತಿ ನೇರವಾಗಿ ಚಿತ್ರಕ್ಕೆ ಬಂದವರಿಗೆ ಆಲ್ಟ್ ಪಠ್ಯ ಒಂದೇ ಕೇಳಿಸಬಹುದು ಎಂಬುದೂ ನೆನಪಿನಲ್ಲಿರಬೇಕು. ಮೊದಲ ವಾಕ್ಯದಲ್ಲೇ ‘ಕೀಪರ್ ತುದಿಯಲ್ಲಿ ರನೌಟ್’ ಎಂದು ಹೇಳಿಬಿಟ್ಟದ್ದು ಆ ಓದುಗರ ಆಯ್ಕೆ. “ಎಲ್ಲಿ ನಿಂತು ಕೇಳಬೇಕು ಅನ್ನೋದು ಮೊದಲು ಗೊತ್ತಾದರೆ ಉಳಿದದ್ದು ತಾನಾಗೇ ಜಾಗಕ್ಕೆ ಬಂದು ಕೂರುತ್ತೆ,” ಎಂದರು. ಇದನ್ನು ಕೇಳಿಸಿ ಮತ್ತೆ ಜೋಡಿಸಲು ಹೇಳಿದಾಗ ಅವರು ಗುಂಡಿಯನ್ನು ಸೀಸೆಗೆ ತಾಗಿಸಿಟ್ಟರು, ಬೀಗದ ಕೈಯನ್ನು ಸೀಸೆಯಿಂದ ನೋಡಿದರೆ ಪೆನ್ಸಿಲಿನಾಚೆ ಇಟ್ಟು, ನಡುವಿನ ಜಾಗವನ್ನು ಹೆಬ್ಬೆರಳು ಕಿರುಬೆರಳುಗಳಿಂದ ಅಳೆದು ನೋಡಿಕೊಂಡರು.

ಉಳಿದ ಚಿತ್ರಗಳು

ಬೇಗ ಮುಗಿದವುಗಳಲ್ಲಿ ಪ್ರಾಯೋಜಕರ ಫಲಕವಷ್ಟೇ ಇದ್ದ ಚಿತ್ರಕ್ಕೆ, ಅದನ್ನು ಕೊಂಡಿಯಿಂದ ಹೊರಗೆ ತೆಗೆದು, `alt=""` ಕೊಟ್ಟೆ. ಔಟಾದ ಬ್ಯಾಟರ್‌ನ ಚಿತ್ರದಲ್ಲಿ ‘ನಿರಾಶರಾಗಿದ್ದಾರೆ’ ಎಂದಿದ್ದುದನ್ನು ‘ಮಂಡಿಯೂರಿ ಕುಳಿತು, ಬ್ಯಾಟಿನ ಹಿಡಿಯ ಮೇಲೆ ಹಣೆಯಿಟ್ಟಿದ್ದಾರೆ’ ಎಂದು ಬದಲಿಸಿದೆ. ನಿರಾಶೆಯನ್ನು ಕೇಳುವವರೇ ತಿಳಿದುಕೊಳ್ಳುತ್ತಾರೆ.

ಕಷ್ಟವಾದದ್ದು ಏಳನೆಯದು, ಒಂದು ಸ್ಟಂಪಿಂಗ್ ಚಿತ್ರ. ಅದನ್ನು ಬೌಲರ್ ತುದಿಯಾಚೆಯಿಂದ ಪಿಚ್ಚಿನುದ್ದಕ್ಕೆ ತೆಗೆಯಲಾಗಿತ್ತು. ಮೂರು ಸ್ಟಂಪ್‌ಗಳೂ ಬಿಡಿಯಾಗಿ ಕಾಣುತ್ತಿದ್ದವು, ಬ್ಯಾಟರ್‌ನ ಹಿಂಗಾಲು ಅವರ ಮುಂಗಾಲಿನ ಪ್ಯಾಡಿಗೆ ಮರೆಯಾಗಿತ್ತು. ಅಂಪೈರ್ ಔಟ್ ಕೊಟ್ಟಿದ್ದರಿಂದ ‘ಕಾಲು ಗೆರೆಯಿಂದ ಹೊರಗಿದೆ’ ಎಂದು ಬರೆದುಬಿಡುವ ಆಸೆಯಾಯಿತು, ಬರೆದೂ ಬಿಟ್ಟಿದ್ದೆ. ಆದರೆ ಚಿತ್ರವನ್ನು ನೋಡುವವರಿಗೆ ಕಾಣದ ಕಾಲನ್ನು ಕೇಳುವವರಿಗೆ ಮಾತ್ರ ಕಾಣಿಸುವುದು ಸರಿಯಲ್ಲ. ಅದನ್ನು ನಂಬಿ ಅವರು ಇನ್ನೊಬ್ಬರೊಂದಿಗೆ ವಾದಕ್ಕಿಳಿದರೆ ಸೋಲುತ್ತಾರೆ. ತೀರ್ಪನ್ನು ಅಡಿಬರಹಕ್ಕೆ ಸರಿಸಿ, ಆಲ್ಟ್ ಪಠ್ಯವನ್ನು ಹೀಗೆ ಮುಗಿಸಿದ್ದೇನೆ: “ಚೆಂಡು ಕೀಪರ್ ಗ್ಲೌಸ್‌ನಲ್ಲಿದೆ, ಎರಡೂ ಬೇಲ್‌ಗಳು ಬಿಟ್ಟಿವೆ. ಬ್ಯಾಟರ್‌ನ ಮುಂಗಾಲು ಗೆರೆಯಿಂದ ಹೊರಗೆ ಚಾಚಿದೆ. ಹಿಂಗಾಲು ಪ್ಯಾಡಿನ ಮರೆಯಲ್ಲಿದೆ. ಅದು ಗೆರೆಯೊಳಗಿದೆಯೇ ಎಂಬುದು ಈ ಚಿತ್ರದಲ್ಲಿ ಕಾಣುವುದಿಲ್ಲ.”